ಫಾರಂ 16ರಲ್ಲಿ ಒಂದು ಎಚ್‌ಆರ್‌ಎ ವಿನಾಯ್ತಿ, ನನ್ನ ಲೆಕ್ಕದಲ್ಲಿ ಇನ್ನೊಂದು. ಯಾವುದು ಸರಿ?

ಸಹನಾ_ತುಮಕೂರು · 9 ಆಗಸ್ಟ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಈ ಸಲ ರಿಟರ್ನ್ ನಾನೇ ಹಾಕೋಣ ಅಂತ ಕೂತೆ. ಮೊದಲ ಹೆಜ್ಜೆಗೇ ಸಿಕ್ಕಿಹಾಕಿಕೊಂಡಿದ್ದೇನೆ.

2024-25ರ ಫಾರಂ 16ರಲ್ಲಿ ಎಚ್‌ಆರ್‌ಎ ವಿನಾಯ್ತಿ 1,12,400 ಅಂತ ಇದೆ. ನಾನು ಹಾಳೆ ಮೇಲೆ ಲೆಕ್ಕ ಹಾಕಿದರೆ 1,23,200 ಬರುತ್ತಿದೆ. ಆಫೀಸಿನಲ್ಲಿ ಕೇಳಿದರೆ "ಸಾಫ್ಟ್‌ವೇರ್ ಹಾಕಿದ್ದು ಮೇಡಂ, ಸರಿಯಾಗೇ ಇರುತ್ತೆ" ಅಂದುಬಿಟ್ಟರು.

ನನ್ನ ವಿವರ ಇಷ್ಟು. ಕೆಲಸ ಬೆಂಗಳೂರಿನಲ್ಲಿ. ಏಪ್ರಿಲ್‌ನಿಂದ ಜೂನ್ ತನಕ ಚಿಕ್ಕಪ್ಪನ ಮನೆಯಲ್ಲಿದ್ದೆ, ಬಾಡಿಗೆ ಇಲ್ಲ. ಜುಲೈನಿಂದ ನವೆಂಬರ್ ತನಕ ವಿಜಯನಗರದಲ್ಲಿ ಒಂದು ರೂಮು, ತಿಂಗಳಿಗೆ 14,000. ಡಿಸೆಂಬರ್‌ನಲ್ಲಿ ಅಮ್ಮನನ್ನೂ ಕರೆದುಕೊಂಡು ಬಂದೆ, ಒಂದು ಬಿಎಚ್‌ಕೆ ಮನೆ, 22,000. ಬೇಸಿಕ್ ನವೆಂಬರ್ ತನಕ 36,000 ಇತ್ತು, ಡಿಸೆಂಬರ್‌ನಿಂದ 42,000 ಆಯ್ತು. ಆಫೀಸಿನವರು ಬೇಸಿಕ್‌ನ ಅರ್ಧದಷ್ಟು ಎಚ್‌ಆರ್‌ಎ ಕೊಡುತ್ತಾರೆ. ಅಂದರೆ ಮೊದಲು 18,000, ಆಮೇಲೆ 21,000. ಡಿಎ ಇಲ್ಲ. ಹಳೆ ರೆಜಿಮ್ ಅಂತ ಮೊದಲೇ ಬರೆದುಕೊಟ್ಟಿದ್ದೆ.

ಎಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳ್ತೀರಾ?

---

ಜಯನಗರ_ಕಿರಣ · 9 ಆಗಸ್ಟ್, ರಾತ್ರಿ 9:58

ಹೊಸ ರೆಜಿಮ್ ಹಾಕಿ ಮುಗಿಸಿ. ಅದರಲ್ಲಿ ಎಚ್‌ಆರ್‌ಎ ತಲೆನೋವೇ ಇಲ್ಲ.

---

ಮಂಜಣ್ಣ_ಸೆಂಟ್ರಲ್ · 9 ಆಗಸ್ಟ್, ರಾತ್ರಿ 10:15

ಸಹನಾ ಅವರೇ, ನಿಮ್ಮ ಲೆಕ್ಕವೇ ಸರಿ ಇರಬೇಕು. ನಾನು ಕೇಂದ್ರ ಸರ್ಕಾರದ ನೌಕರ. ನಮ್ಮಲ್ಲಿ ಬೆಂಗಳೂರು ಎಕ್ಸ್ ದರ್ಜೆ ಊರು. ದೆಹಲಿ, ಮುಂಬೈ ಸಾಲಿನಲ್ಲೇ ಇದೆ. ಆದ್ದರಿಂದ ನಿಮಗೆ 50% ಮಿತಿ ಸಿಗುತ್ತೆ. ನಿಮ್ಮ ಆಫೀಸಿನವರು 40% ಹಾಕಿರುತ್ತಾರೆ, ಅದಕ್ಕೇ ಕಡಿಮೆ ಬಂದಿದೆ.

ಮೂರು ಅಂಕಿ ತೆಗೀಬೇಕು: ಕೈಗೆ ಬಂದ ಎಚ್‌ಆರ್‌ಎ, ಬಾಡಿಗೆಯಲ್ಲಿ ಬೇಸಿಕ್‌ನ 10% ಕಳೆದು ಉಳಿದದ್ದು, ಮತ್ತೆ ಬೇಸಿಕ್‌ನ 50%. ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ವಿನಾಯ್ತಿ. ನಾನು ಪ್ರತಿ ವರ್ಷ ಹೀಗೇ ಮಾಡೋದು.

---

ಸಹನಾ_ತುಮಕೂರು · 9 ಆಗಸ್ಟ್, ರಾತ್ರಿ 10:22

ಥ್ಯಾಂಕ್ಸ್ ಮಂಜಣ್ಣ. ನಾನೂ 50% ಅಂತಲೇ ಹಾಕಿದ್ದು.

---

ಭಟ್ಟರ_ಲೆಕ್ಕ · 10 ಆಗಸ್ಟ್, ಬೆಳಿಗ್ಗೆ 6:50

ಸ್ವಲ್ಪ ನಿಲ್ಲಿ. 22 ವರ್ಷ ಬೇರೆ ಬೇರೆ ಕಡೆ ಸಂಬಳದ ಪಟ್ಟಿ ಮಾಡಿದವನು ನಾನು. ಈ ಲೆಕ್ಕದಲ್ಲಿ ಆಫೀಸಿನವರೂ ತಪ್ಪಿದ್ದಾರೆ, ಸಹನಾ ಅವರೂ ತಪ್ಪಿದ್ದಾರೆ. ಸರಿಯಾದ ಅಂಕಿ ಎರಡರ ಮಧ್ಯೆ ಇದೆ.

ಮೊದಲು ಮಂಜಣ್ಣನವರ ಮಾತು. ಎಕ್ಸ್ ದರ್ಜೆ ಅನ್ನೋದು ಸರ್ಕಾರ ತನ್ನ ನೌಕರರಿಗೆ ಎಷ್ಟು ಎಚ್‌ಆರ್‌ಎ ಕೊಡಬೇಕು ಅನ್ನೋದಕ್ಕೆ ಮಾಡಿಕೊಂಡ ಪಟ್ಟಿ. ಅದರಲ್ಲಿ ಬೆಂಗಳೂರು, ಹೈದರಾಬಾದ್, ಪುಣೆ, ಅಹಮದಾಬಾದ್ ಎಲ್ಲ ಇವೆ. ಆದಾಯ ತೆರಿಗೆಗೆ ಆ ಪಟ್ಟಿ ಲೆಕ್ಕಕ್ಕೇ ಇಲ್ಲ. ತೆರಿಗೆ ನಿಯಮ 2ಎ ನಾಲ್ಕೇ ಊರು ಹೆಸರಿಸುತ್ತೆ: ಮುಂಬೈ, ಕೋಲ್ಕತ್ತ, ದೆಹಲಿ, ಚೆನ್ನೈ. ಬಾಡಿಗೆ ಮನೆ ಈ ನಾಲ್ಕರಲ್ಲಿದ್ದರೆ 50%. ಬೇರೆ ಎಲ್ಲಿದ್ದರೂ 40%. ನಾವೀಗ ಮಾತಾಡುತ್ತಿರುವ 2024-25ರ ವರ್ಷಕ್ಕೆ ಬೆಂಗಳೂರು 40%ರಲ್ಲೇ ಬರುತ್ತೆ. ಇಲ್ಲಿನ ಬಾಡಿಗೆ ನೋಡಿದರೆ ಅನ್ಯಾಯ ಅನಿಸುತ್ತೆ ನಿಜ, ಆದರೆ ನಿಯಮ ಅದೇ.

ಕಂಪನಿಯವರು ಬೇಸಿಕ್‌ನ 50% ಎಚ್‌ಆರ್‌ಎ ಅಂತ ಕೊಡೋದರಿಂದಲೂ ಈ ಗೊಂದಲ ಜಾಸ್ತಿ ಆಗಿದೆ. ಅವರು ಎಷ್ಟು ಕೊಡುತ್ತಾರೆ ಅನ್ನೋದು ಬೇರೆ, ಎಷ್ಟಕ್ಕೆ ತೆರಿಗೆ ಬಿಡುತ್ತಾರೆ ಅನ್ನೋದು ಬೇರೆ.

ಈಗ ಆಫೀಸಿನವರ 1,12,400 ಹೇಗೆ ಬಂತು ನೋಡೋಣ. ನಿಮ್ಮ ಇಡೀ ವರ್ಷದ ಬೇಸಿಕ್ 4,56,000. ಅದರ 10% ಅಂದರೆ 45,600. ಒಟ್ಟು ಬಾಡಿಗೆ 1,58,000. ಇದರಲ್ಲಿ ಅದನ್ನು ಕಳೆದರೆ ಸರಿಯಾಗಿ 1,12,400. ಅಂದರೆ ಅವರು 12 ತಿಂಗಳನ್ನೂ ಒಂದೇ ಗಂಟು ಕಟ್ಟಿದ್ದಾರೆ. ಚಿಕ್ಕಪ್ಪನ ಮನೆಯಲ್ಲಿದ್ದ ಮೂರು ತಿಂಗಳ ಬೇಸಿಕ್‌ನ 10% ಕೂಡ ನಿಮ್ಮ ಬಾಡಿಗೆಯಿಂದ ಕಳೆದುಬಿಟ್ಟಿದ್ದಾರೆ! 10,800 ರೂಪಾಯಿ ಸುಮ್ನೆ ಹೋಯ್ತು. ನಿಯಮ ಹೇಳೋದು ಆ ಮನೆಯಲ್ಲಿ ವಾಸವಿದ್ದ ಅವಧಿಯ ಸಂಬಳ. ಬಾಡಿಗೆ ಮನೆಯೇ ಇಲ್ಲದ ತಿಂಗಳ ಸಂಬಳ ಈ ಲೆಕ್ಕದೊಳಗೆ ಬರಬಾರದು.

ತಿಂಡಿ ತಿಂದು ಬಂದು ಉಳಿದದ್ದು ಬರೀತೇನೆ.

---

ಡೊಂಬಿವ್ಲಿ_ಶೆಟ್ಟಿ · 10 ಆಗಸ್ಟ್, ಬೆಳಿಗ್ಗೆ 7:30

ಭಟ್ಟರೇ, ಮುಂಬೈ ಅಂದಿರಲ್ಲ, ಅದಕ್ಕೆ ಕೇಳ್ತಿದ್ದೇನೆ. ನನ್ನ ಕೆಲಸ ಫೋರ್ಟ್‌ನಲ್ಲಿ. ಮನೆ ಡೊಂಬಿವ್ಲಿಯಲ್ಲಿ. ದಿನಾ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಹೋಗೋದು. ಆಫೀಸಿನವರು ನನಗೆ 50% ಹಾಕಿದ್ದಾರೆ. ನಾನು ಮುಂಬೈಯವನೇ ತಾನೇ?

---

ಭಟ್ಟರ_ಲೆಕ್ಕ · 10 ಆಗಸ್ಟ್, ಬೆಳಿಗ್ಗೆ 8:20

ಶೆಟ್ರೇ, ನೋಡಬೇಕಾದ್ದು ಮನೆ ಎಲ್ಲಿದೆ ಅಂತ, ಆಫೀಸು ಎಲ್ಲಿದೆ ಅಂತಲ್ಲ. ಡೊಂಬಿವ್ಲಿ ಕಲ್ಯಾಣ-ಡೊಂಬಿವ್ಲಿ ನಗರಪಾಲಿಕೆಗೆ ಸೇರಿದ್ದು, ಠಾಣೆ ಜಿಲ್ಲೆ. ನನ್ನ ಪ್ರಕಾರ 40%. ದೆಹಲಿಯಲ್ಲಿ ಕೆಲಸ ಮಾಡಿ ನೊಯ್ಡಾ, ಗುರುಗ್ರಾಮದಲ್ಲಿ ಮನೆ ಮಾಡಿದವರ ಕಥೆಯೂ ಇದೇ.

ಸಹನಾ ಅವರೇ, ಈಗ ನಿಮ್ಮದು. ಮೂರು ಅವಧಿ ಮಾಡಿ. ಏಪ್ರಿಲ್-ಜೂನ್ ಬಾಡಿಗೆ ಇಲ್ಲ, ವಿನಾಯ್ತಿ ಸೊನ್ನೆ. ಆ ಮೂರು ತಿಂಗಳು ಬಂದ 54,000 ಎಚ್‌ಆರ್‌ಎಗೆ ಪೂರ್ತಿ ತೆರಿಗೆ. ಉಳಿದ ಎರಡು ಅವಧಿ ಹೀಗೆ, ಒಂದೊಂದು ತಿಂಗಳ ಲೆಕ್ಕ:

```
                         ಜುಲೈ-ನವೆಂಬರ್    ಡಿಸೆಂಬರ್-ಮಾರ್ಚ್
ಕೈಗೆ ಬಂದ ಎಚ್‌ಆರ್‌ಎ           18,000          21,000
ಬಾಡಿಗೆ - ಬೇಸಿಕ್‌ನ 10%        10,400          17,800
ಬೇಸಿಕ್‌ನ 40%                14,400          16,800
ಕಡಿಮೆ ಇರೋದು               10,400          16,800
ತಿಂಗಳು                        x 5             x 4
                           52,000          67,200
```

ಒಟ್ಟು 1,19,200. ಇದು ನಿಮ್ಮ ಸರಿಯಾದ ಅಂಕಿ.

ಮೊದಲ ಮನೆಯಲ್ಲಿ ಬಾಡಿಗೆ ಕಡಿಮೆ. ಅದಕ್ಕೇ ಅಲ್ಲಿ ಬಾಡಿಗೆಯ ಸಾಲೇ ನಿಮ್ಮನ್ನು ತಡೆದದ್ದು, ಊರು ಯಾವುದಾದರೂ ವ್ಯತ್ಯಾಸ ಆಗುತ್ತಿರಲಿಲ್ಲ. ಎರಡನೇ ಮನೆಯಲ್ಲಿ ಬಾಡಿಗೆ ಬೇಸಿಕ್‌ನ ಅರ್ಧ ದಾಟಿದೆ. ಅಲ್ಲಿ 40%ರ ಸಾಲು ತಡೆದಿದೆ. ನೀವು 50% ಅಂತ 21,000 ಬರೆದುಕೊಂಡಿದ್ದರಿಂದ 17,800 ಕಡಿಮೆ ಅನ್ನಿಸಿತು. ತಿಂಗಳಿಗೆ 1,000 ಜಾಸ್ತಿ, ನಾಲ್ಕು ತಿಂಗಳಿಗೆ 4,000. ನಿಮ್ಮ 1,23,200ಕ್ಕೂ 1,19,200ಕ್ಕೂ ಇರುವ ಅಂತರ ಅದೇ.

ಬಾಯಿಲೆಕ್ಕಕ್ಕೆ ಒಂದು ದಾರಿ ಹೇಳ್ತೇನೆ. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ಬೇಸಿಕ್‌ನ ಅರ್ಧಕ್ಕಿಂತ ಕಡಿಮೆ ಇದ್ದರೆ 40%ರ ಸಾಲು ನೋಡೋ ಅಗತ್ಯವೇ ಬರಲ್ಲ. 50ರಲ್ಲಿ 10 ಹೋದರೆ 40 ತಾನೇ. ಬಾಡಿಗೆ ಅರ್ಧ ದಾಟಿದರೆ ಮಾತ್ರ ಅದು ಅಡ್ಡ ಬರೋದು. ಆಫೀಸಿನವರು ಎಚ್‌ಆರ್‌ಎ ಅಂತಲೇ ಕಡಿಮೆ ಕೊಡುತ್ತಿದ್ದರೆ ಬೇರೆ ಮಾತು.

---

ಪ್ರಶಾಂತ_ಎಚ್ · 10 ಆಗಸ್ಟ್, ಬೆಳಿಗ್ಗೆ 10:05

ಭಟ್ರೇ, ಒಂದು ತಕರಾರು. ಬಾಡಿಗೆ ಇಲ್ಲದ ಮೂರು ತಿಂಗಳು ತೆಗೆದು ಉಳಿದ ಒಂಬತ್ತು ತಿಂಗಳನ್ನ ಒಟ್ಟಿಗೆ ಹಾಕಿದೆ. ಬೇಸಿಕ್ 3,48,000. ಬಾಡಿಗೆ 1,58,000 - 34,800 = 1,23,200. 40% ಅಂದರೆ 1,39,200. ಕೈಗೆ ಬಂದ ಎಚ್‌ಆರ್‌ಎ 1,74,000. ಕಡಿಮೆ ಇರೋದು 1,23,200! 40% ಹಿಡಿದೂ ಸಹನಾ ಅವರ ಅಂಕಿಯೇ ಬಂತು. ಈಗ ಏನಂತೀರಿ?

---

ಸಹನಾ_ತುಮಕೂರು · 10 ಆಗಸ್ಟ್, ಬೆಳಿಗ್ಗೆ 10:20

ಅಯ್ಯೋ, ಮತ್ತೆ ತಲೆ ಕೆಟ್ಟಿತು.

---

ಭಟ್ಟರ_ಲೆಕ್ಕ · 10 ಆಗಸ್ಟ್, ಮಧ್ಯಾಹ್ನ 12:40

ಪ್ರಶಾಂತ್, ಚೆನ್ನಾಗಿ ಹಿಡಿದಿರಿ. ಆದರೆ ಒಟ್ಟು ಹಾಕಿದಾಗ ಏನಾಯ್ತು ಅಂದರೆ, ಮೊದಲ ಮನೆಯಲ್ಲಿ ಬಳಸದೆ ಉಳಿದ ಮಿತಿಯನ್ನ ಎರಡನೇ ಮನೆಗೆ ಸಾಲ ಕೊಟ್ಟ ಹಾಗೆ ಆಯ್ತು. ಜುಲೈ-ನವೆಂಬರ್‌ನಲ್ಲಿ 40%ರ ಮಿತಿ 14,400 ಇತ್ತು, ಬಳಸಿದ್ದು 10,400. ಆ ಉಳಿಕೆಯಲ್ಲಿ ಡಿಸೆಂಬರ್ ನಂತರದ ಜಾಸ್ತಿ ಬಾಡಿಗೆ ಮುಚ್ಚಿಹೋಯ್ತು.

ನಿಯಮದಲ್ಲಿರೋದು "ಆ ಮನೆಯಲ್ಲಿ" ವಾಸವಿದ್ದ ಅವಧಿ. ಇಲ್ಲಿ ಎರಡು ಮನೆ ಇವೆ, ಆದ್ದರಿಂದ ಎರಡು ಅವಧಿ. ಒಂದರ ಉಳಿಕೆ ಇನ್ನೊಂದಕ್ಕೆ ಹೋಗೋ ಹಾಗಿಲ್ಲ. ಸಹನಾ ಅವರದ್ದು ಸುಲಭದ ಪ್ರಕರಣ. ಮನೆ ಬದಲಾದ ತಿಂಗಳಲ್ಲೇ ಬೇಸಿಕ್ ಕೂಡ ಬದಲಾಗಿದೆ.

---

ಪ್ರಶಾಂತ_ಎಚ್ · 10 ಆಗಸ್ಟ್, ಮಧ್ಯಾಹ್ನ 1:10

ಸರಿ, ಎರಡು ಮನೆ ಒಪ್ಪಿದೆ. ಮನೆ ಒಂದೇ, ಮಧ್ಯದಲ್ಲಿ ಬೇಸಿಕ್ ಮಾತ್ರ ಏರಿತು ಅಂದುಕೊಳ್ಳಿ. ಆಗ ಅವಧಿ ಒಂದೇ ಅಲ್ವಾ? ತಿಂಗಳು ತಿಂಗಳು ಯಾಕೆ ಮಾಡಬೇಕು?

---

ಭಟ್ಟರ_ಲೆಕ್ಕ · 10 ಆಗಸ್ಟ್, ಮಧ್ಯಾಹ್ನ 1:45

ಅಲ್ಲಿ ನನ್ನ ಹತ್ತಿರ ಕಡ್ಡಿ ಮುರಿದ ಹಾಗೆ ಉತ್ತರ ಇಲ್ಲ. ನಿಯಮದಲ್ಲಿ ಅವಧಿ ಅಂತಿದೆ, ತಿಂಗಳು ಅಂತ ಇಲ್ಲ. ಸಂಬಳದ ಪಟ್ಟಿ ಮಾಡೋರು ಬಹಳ ಜನ ತಿಂಗಳ ಲೆಕ್ಕವೇ ಮಾಡ್ತಾರೆ, ನಾನೂ ಹಾಗೇ ಮಾಡ್ತಿದ್ದೆ. ಎಲ್ಲ ತಿಂಗಳಲ್ಲೂ ಒಂದೇ ಸಾಲು ಕಡಿಮೆ ಬಂದರೆ ಯಾವ ದಾರಿ ಹಿಡಿದರೂ ಉತ್ತರ ಒಂದೇ. ಕೆಲವು ತಿಂಗಳು ಬಾಡಿಗೆಯ ಸಾಲು, ಕೆಲವು ತಿಂಗಳು 40%ರ ಸಾಲು ಕಡಿಮೆ ಬಂದಾಗ ಮಾತ್ರ ಅಂಕಿ ಬೇರೆ ಆಗೋದು.

---

ಪ್ರಶಾಂತ_ಎಚ್ · 10 ಆಗಸ್ಟ್, ಮಧ್ಯಾಹ್ನ 1:52

ಹಾಗಾದರೆ ನಾನು ಅವಧಿ ಒಂದೇ ಅಂತ ಹಾಕ್ತೇನೆ. ನಿಯಮದ ಪದ ನನ್ನ ಕಡೆಗಿದೆ.

---

ಮಂಜಣ್ಣ_ಸೆಂಟ್ರಲ್ · 10 ಆಗಸ್ಟ್, ಸಂಜೆ 5:30

ಭಟ್ಟರೇ, ನನ್ನ ತಪ್ಪು ಒಪ್ಪಿಕೊಂಡೆ. ಎಕ್ಸ್ ದರ್ಜೆ ಅಂದರೆ ಮೆಟ್ರೋ ಅಂತಲೇ ಇಷ್ಟು ದಿನ ತಿಳಿದಿದ್ದೆ. ಹಾಗಂತ ನನಗೇನೂ ನಷ್ಟ ಆಗಿಲ್ಲ ಅನ್ಸುತ್ತೆ, ನನ್ನ ಬಾಡಿಗೆ ಬೇಸಿಕ್‌ನ ಅರ್ಧ ಮುಟ್ಟಿಲ್ಲ.

---

ಭಟ್ಟರ_ಲೆಕ್ಕ · 10 ಆಗಸ್ಟ್, ಸಂಜೆ 6:15

ಮಂಜಣ್ಣ, ನಿಮ್ಮ ಮೊದಲ ಪೋಸ್ಟಿನಲ್ಲಿ ಇನ್ನೊಂದು ಕಂಡೆ. ನೀವು 10% ಕಳೆಯೋದು ಬರೀ ಬೇಸಿಕ್ ಮೇಲೆ ಅಂತ ಬರೆದಿದ್ದೀರಿ. ಡಿಎ ಸೇರಿಸಲ್ವಾ?

---

ಮಂಜಣ್ಣ_ಸೆಂಟ್ರಲ್ · 10 ಆಗಸ್ಟ್, ಸಂಜೆ 6:20

ಡಿಎ ಯಾಕೆ? ಎಲ್ಲರೂ ಬೇಸಿಕ್ ಅಂತ ತಾನೇ ಹೇಳೋದು?

---

ಭಟ್ಟರ_ಲೆಕ್ಕ · 10 ಆಗಸ್ಟ್, ಸಂಜೆ 6:48

ಖಾಸಗಿಯಲ್ಲಿ ಬಹಳ ಕಡೆ ಡಿಎ ಇರೋದೇ ಇಲ್ಲ, ಅದಕ್ಕೆ ಬೇಸಿಕ್ ಅಂತ ಬಾಯಿಗೆ ಬಂದುಬಿಟ್ಟಿದೆ. ಈ ಲೆಕ್ಕದಲ್ಲಿ ಸಂಬಳ ಅಂದರೆ ಬೇಸಿಕ್, ಜೊತೆಗೆ ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ಡಿಎ. ಸರ್ಕಾರಿ ನೌಕರರ ಡಿಎ ಬಂದೇ ಬರುತ್ತೆ. ಸ್ಪೆಷಲ್ ಅಲೋಯನ್ಸ್, ಬೋನಸ್, ಓಟಿ ಇವು ಬರಲ್ಲ.

ನಿಮ್ಮ ಬೇಸಿಕ್ 50,000, ಬಾಡಿಗೆ 16,000 ಅಂತಿಟ್ಟುಕೊಳ್ಳಿ. 2024ರ ಜುಲೈನಿಂದ ಡಿಎ 53%, ಅಂದರೆ 26,500. ಸಂಬಳ 76,500 ಆಯ್ತು. ಅದರ 10% ಕಳೆದರೆ 8,350 ಉಳಿಯುತ್ತೆ. ನಿಮ್ಮ ರೀತಿ ಮಾಡಿದರೆ 11,000. ತಿಂಗಳಿಗೆ 2,650 ಜಾಸ್ತಿ ತೋರಿಸಿದ ಹಾಗೆ. ಡಿಎ ಏರಿದಷ್ಟೂ ನಿಮ್ಮ ವಿನಾಯ್ತಿ ಇಳಿಯುತ್ತಾ ಹೋಗುತ್ತೆ, ಬಾಡಿಗೆ ಏರದಿದ್ದರೆ.

---

ಮಂಜಣ್ಣ_ಸೆಂಟ್ರಲ್ · 10 ಆಗಸ್ಟ್, ಸಂಜೆ 7:05

ಇದು ಮಾತ್ರ ಎದೆಗೆ ಹೊಡೀತು. ನಮ್ಮ ಆಫೀಸಿನವರು ಫಾರಂ 16ರಲ್ಲಿ ಸರಿಯಾಗಿ ಹಾಕಿರಬಹುದು, ನಾನೇ ಪ್ರತಿ ಸಲ ಅದು ತಪ್ಪು ಅಂತ ರಿಟರ್ನ್‌ನಲ್ಲಿ ತಿದ್ದುತ್ತಿದ್ದೆ. ಹಳೆಯ ಕಾಗದ ತೆಗೆದು ನೋಡ್ತೇನೆ.

---

ಹಾಸನದ_ಗೌಡ · 10 ಆಗಸ್ಟ್, ರಾತ್ರಿ 8:40

ನನ್ನದೂ ಎರಡು ಮನೆ. ಮೊದಲ ಮನೆಗೆ ವರ್ಷದಲ್ಲಿ ಕೊಟ್ಟಿದ್ದು 78,000, ಎರಡನೇದಕ್ಕೆ 90,000. ಒಂದು ಲಕ್ಷ ದಾಟಿದರೆ ಮಾತ್ರ ಓನರ್ ಪ್ಯಾನ್ ಬೇಕು ಅಂತಾರೆ. ಒಂದೊಂದೂ ಲಕ್ಷದ ಒಳಗಿದೆ, ಹಾಗಾಗಿ ನಾನು ಕೇಳಲೇ ಇಲ್ಲ. ಅಡ್ವಾನ್ಸ್ ಕೊಟ್ಟ ಒಂದೂವರೆ ಲಕ್ಷಾನೂ ಬಾಡಿಗೆಗೆ ಸೇರಿಸಬಹುದಾ?

---

ಜಯನಗರ_ಕಿರಣ · 10 ಆಗಸ್ಟ್, ರಾತ್ರಿ 8:55

ಅಡ್ವಾನ್ಸ್ ವಾಪಸ್ ಬರೋ ದುಡ್ಡು ಗೌಡ್ರೇ, ಅದು ಹೇಗೆ ಬಾಡಿಗೆ ಆಗುತ್ತೆ. ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ಹೇಳಲಾರೆ, ಪೇಂಟಿಂಗ್‌ಗೆ ಒಂದು ತಿಂಗಳದ್ದು ಹಿಡ್ಕೋತಾರೆ :)

---

ಭಟ್ಟರ_ಲೆಕ್ಕ · 10 ಆಗಸ್ಟ್, ರಾತ್ರಿ 9:10

ಗೌಡ್ರೇ, ಫಾರಂ 12ಬಿಬಿಯಲ್ಲಿ ಕೇಳೋದು ವರ್ಷದಲ್ಲಿ ಕೊಟ್ಟ ಒಟ್ಟು ಬಾಡಿಗೆ ಲಕ್ಷ ದಾಟಿತಾ ಅಂತ. ಒಂದೊಂದು ಮನೆಗೆ ಬೇರೆ ಬೇರೆ ಲಕ್ಷ ಇಲ್ಲ. ನಿಮ್ಮದು 1,68,000 ಆಯ್ತು. ಇಬ್ಬರು ಓನರ್‌ದೂ ಪ್ಯಾನ್ ಬೇಕು.

---

ಹಾಸನದ_ಗೌಡ · 10 ಆಗಸ್ಟ್, ರಾತ್ರಿ 9:18

ಹೊಸ ಓನರ್ ಕೊಡ್ತಾರೆ. ಹಳೆ ಓನರ್ "ಪ್ಯಾನ್ ಕೇಳೋದಾದ್ರೆ ಮೊದಲೇ ಹೇಳ್ಬೇಕಿತ್ತು, ಬಾಡಿಗೆ ಬೇರೆ ಹೇಳ್ತಿದ್ದೆ" ಅಂದ್ರು. ಆ ಯಪ್ಪ ತಿಂಗಳಿಗೆ ಒಂದು ಚೀಟಿ ಹರಿದು ಕೊಡ್ತಿದ್ದರು, ಅಂಗಡಿಯ ರಸೀದಿ ಪುಸ್ತಕದ್ದು. ಎಲ್ಲಾ ಕ್ಯಾಶ್.

---

ಸಹನಾ_ತುಮಕೂರು · 10 ಆಗಸ್ಟ್, ರಾತ್ರಿ 9:35

ಗೌಡ್ರೇ, ನನಗೂ ರೂಮಿನ ಓನರ್ ಹೀಗೇ ಆಟ ಆಡಿಸಿದ್ದರು. ನಾನು ಬ್ಯಾಂಕಿನಿಂದಲೇ ಕಳಿಸುತ್ತಿದ್ದೆ, ಹಾಗಾಗಿ ಕೊನೆಗೆ ಕೊಟ್ಟರು.

ಭಟ್ಟರೇ, ತುಂಬಾ ಉಪಕಾರ ಆಯ್ತು. ಕಿರಣ್ ಹೇಳಿದ್ದನ್ನೂ ಬಿಡಬಾರದು ಅಂತ ಎರಡೂ ರೆಜಿಮ್ ಹಾಕಿ ನೋಡಿದೆ. ನನ್ನ ಒಟ್ಟು ಸಂಬಳ 9,60,000. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆ 40,040 ಬರುತ್ತೆ. ಹಳೆಯದರಲ್ಲಿ 50,000, ಪ್ರೊಫೆಷನಲ್ ಟ್ಯಾಕ್ಸ್ 2,400, ಎಚ್‌ಆರ್‌ಎ 1,19,200, 80ಸಿ ಪೂರ್ತಿ ಒಂದೂವರೆ ಲಕ್ಷ, ಆರೋಗ್ಯ ವಿಮೆ 18,000 ಎಲ್ಲ ಕಳೆದು 38,043. ಎರಡು ಸಾವಿರ ಉಳೀತು ಅಷ್ಟೇ! ಇಷ್ಟೆಲ್ಲಾ ಜಗ್ಗಾಡಿ.

---

ಜಯನಗರ_ಕಿರಣ · 10 ಆಗಸ್ಟ್, ರಾತ್ರಿ 9:50

ನಾನು ಹೇಳಿದ್ದು ಅದಕ್ಕೇ. ಆ ವಿಮೆ ಇಲ್ಲದಿದ್ದರೆ ಹೊಸದೇ ಗೆಲ್ಲುತ್ತಿತ್ತು.

---

ಸಹನಾ_ತುಮಕೂರು · 10 ಆಗಸ್ಟ್, ರಾತ್ರಿ 9:56

ಹೌದು, ಅದನ್ನೂ ನೋಡಿದೆ. ಆದರೆ ಎರಡು ಸಾವಿರ ಅಂದರೆ ನಮ್ಮ ಮನೆಗೆ ಎರಡು ಸಿಲಿಂಡರ್ ಬಂದು ಮಿಗುತ್ತೆ.

ಕೊನೆಯ ಪ್ರಶ್ನೆ. ಫಾರಂ 16ರಲ್ಲಿ 1,12,400 ಇದೆ. ರಿಟರ್ನ್‌ನಲ್ಲಿ ನಾನು 1,19,200 ಹಾಕಿದರೆ ನೋಟಿಸ್ ಬರುತ್ತಾ?

---

ಭಟ್ಟರ_ಲೆಕ್ಕ · 11 ಆಗಸ್ಟ್, ಬೆಳಿಗ್ಗೆ 6:40

ಫಾರಂ 16ರಲ್ಲಿ ಇಲ್ಲದ್ದನ್ನೂ ರಿಟರ್ನ್‌ನಲ್ಲಿ ಕೇಳೋ ಹಕ್ಕು ನಿಮಗಿದೆ. ವ್ಯತ್ಯಾಸ ಕಂಡು ವಿವರ ಕೇಳಬಹುದು, ಕೇಳಿದರೆ ಕೊಡೋಕೆ ನಿಮ್ಮ ಹತ್ತಿರ ಎಲ್ಲಾ ಇದೆ. ಎರಡೂ ಮನೆಯ ಕರಾರು ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮೇಲೆ ಹಾಕಿದ ಆ ಪಟ್ಟಿ ಒಂದೇ ಫೈಲಿನಲ್ಲಿಡಿ. ಈ ವರ್ಷ ಫಾರಂನಲ್ಲೇ ಬಾಡಿಗೆ, ಎಚ್‌ಆರ್‌ಎ, ಬೇಸಿಕ್ ಬಿಡಿಬಿಡಿಯಾಗಿ ಕೇಳ್ತಾರೆ, ಆದ್ದರಿಂದ ಕೈಯಲ್ಲಿ ಪಟ್ಟಿ ಇರಲಿ. ಸೆಪ್ಟೆಂಬರ್ 15ರ ಒಳಗೆ ಹಾಕಿ. ಆ ದಿನ ದಾಟಿದರೆ ಹಳೆ ರೆಜಿಮ್ ಕೈತಪ್ಪುತ್ತೆ, ಆಗ ಎಚ್‌ಆರ್‌ಎ ಮಾತೇ ಇಲ್ಲ.

ಚಿಕ್ಕಪ್ಪನಿಗೆ ಬಾಡಿಗೆ ಕೊಟ್ಟೆ ಅಂತ ಈಗ ರಸೀದಿ ಬರೆಸೋ ಯೋಚನೆ ಮಾತ್ರ ಬೇಡ. ಯಾರೋ ಹೇಳಿಯೇ ಹೇಳ್ತಾರೆ ನಿಮಗೆ.

---

ಸಹನಾ_ತುಮಕೂರು · 11 ಆಗಸ್ಟ್, ಬೆಳಿಗ್ಗೆ 7:15

ಚಿಕ್ಕಪ್ಪನೇ ಹೇಳಿದ್ದರು :) ಬೇಡ ಅಂದೆ.

---

ಡೊಂಬಿವ್ಲಿ_ಶೆಟ್ಟಿ · 11 ಆಗಸ್ಟ್, ಬೆಳಿಗ್ಗೆ 8:05

ಭಟ್ಟರೇ, ಫಾರಂ ತೆರೆದು ನೋಡಿದೆ. ಅಲ್ಲಿ ಕೇಳಿರೋದು ಕೆಲಸದ ಊರು ಮೆಟ್ರೋನಾ ಅಂತ! ಮನೆಯ ಊರು ಅಂತಿಲ್ಲ. ನೀವು ಮನೆ ನೋಡಬೇಕು ಅಂದಿರಿ. ಈಗ ನಾನು ಏನು ಒತ್ತಲಿ?

---

ಭಟ್ಟರ_ಲೆಕ್ಕ · 11 ಆಗಸ್ಟ್, ಬೆಳಿಗ್ಗೆ 8:30

ಫಾರಂನ ಮಾತು ಹಾಗಿದೆ ನಿಜ, ನಿಯಮದ ಮಾತು ಹೀಗಿದೆ. ನಾನಾದರೆ 40% ಒತ್ತುತ್ತಿದ್ದೆ. ನಿಮ್ಮ ಬಾಡಿಗೆ ಬೇಸಿಕ್‌ನ ಅರ್ಧ ದಾಟಿದೆಯಾ, ಮೊದಲು ಅದು ಹೇಳಿ.

---

ಡೊಂಬಿವ್ಲಿ_ಶೆಟ್ಟಿ · 11 ಆಗಸ್ಟ್, ಬೆಳಿಗ್ಗೆ 8:34

ಬೇಸಿಕ್ 60,000. ಬಾಡಿಗೆ 19,000.

---

ಭಟ್ಟರ_ಲೆಕ್ಕ · 11 ಆಗಸ್ಟ್, ಬೆಳಿಗ್ಗೆ 8:36

ಹಾಗಾದರೆ ಯಾವುದು ಒತ್ತಿದರೂ ತಿಂಗಳಿಗೆ 13,000 ಶೆಟ್ರೇ. ಟ್ರೈನ್ ಹತ್ತಿ.